ಸಾಮಾನ್ಯ ಖರ್ಚು ಚದರ ಅಡಿಯ ಪ್ರಕಾರ ಸರಿಯಾಗಿ ಹಂಚಿಕೆಯಾಗಿದೆಯೇ? ಸಂಘದ ವಾರ್ಷಿಕ ಲೆಕ್ಕಪತ್ರದ ಬಗ್ಗೆ ಫ್ಲ್ಯಾಟ್ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಂಟೆನೆನ್ಸ್ ಹಣವನ್ನು ಚದರ ಅಡಿಗೆ ಇಷ್ಟು ರೂಪಾಯಿ ಎಂದು ನಿಗದಿ ಮಾಡುತ್ತಾರೆ. ವರ್ಷದ ಕೊನೆಗೆ ಲೆಕ್ಕಪತ್ರ ಕೈಗೆ ಬಂದಾಗ ನಿವಾಸಿಗಳು ಸಾಮಾನ್ಯವಾಗಿ ಸೆಕ್ಯುರಿಟಿಗೆ ಎಷ್ಟಾಯಿತು, ಡೀಸೆಲ್‌ಗೆ ಎಷ್ಟಾಯಿತು ಎಂದು ಖರ್ಚಿನ ಸಾಲುಗಳನ್ನು ಮಾತ್ರ ನೋಡುತ್ತಾರೆ. ಆ ಖರ್ಚನ್ನು ಯಾವ ಒಟ್ಟು ವಿಸ್ತೀರ್ಣದಿಂದ ಭಾಗಿಸಲಾಗಿದೆ ಎಂಬುದು ಲೆಕ್ಕಪತ್ರದ ಯಾವ ಪುಟದಲ್ಲೂ ಅಚ್ಚಾಗಿರುವುದಿಲ್ಲವಾದ್ದರಿಂದ ಅದನ್ನು ಕೇಳುವವರು ಕಡಿಮೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಆ ಭಾಗಾಕಾರವನ್ನು ಕುರಿತವು. ವಿವರಣೆಗಾಗಿ 48 ಫ್ಲ್ಯಾಟ್‌ಗಳ ಒಂದು ಕಾಲ್ಪನಿಕ ಸಮುಚ್ಚಯವನ್ನು ಉದ್ದಕ್ಕೂ ಬಳಸಲಾಗಿದೆ. ಅದರಲ್ಲಿ 1,080 ಚದರ ಅಡಿಯ 20, 1,450 ಚದರ ಅಡಿಯ 24 ಮತ್ತು ಮೇಲಂತಸ್ತಿನಲ್ಲಿ 2,100 ಚದರ ಅಡಿಯ 4 ಫ್ಲ್ಯಾಟ್‌ಗಳಿವೆ. ಒಟ್ಟು ವಿಸ್ತೀರ್ಣ 64,800 ಚದರ ಅಡಿ.

ವಿಸ್ತೀರ್ಣದ ಪ್ರಕಾರವೇ ಹಂಚಬೇಕು ಎಂದು ಎಲ್ಲಿ ಬರೆದಿದೆ?

ಅಪಾರ್ಟ್‌ಮೆಂಟ್ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಅಡಿಯಲ್ಲಿ ಬರುವುದಾದರೆ, ಉತ್ತರ ನೋಂದಾಯಿತ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿದೆ. ಸಾಮಾನ್ಯ ಪ್ರದೇಶಗಳಲ್ಲಿ ಪ್ರತಿ ಫ್ಲ್ಯಾಟ್‌ಗೆ ಇರುವ ಅವಿಭಾಜ್ಯ ಪಾಲು ಶೇಕಡಾ ಎಷ್ಟು ಎಂಬುದನ್ನು ಆ ಪತ್ರ ಹೇಳುತ್ತದೆ. ಸಾಮಾನ್ಯ ಖರ್ಚನ್ನೂ ಸಾಮಾನ್ಯ ಲಾಭವನ್ನೂ ಆ ಶೇಕಡಾ ಪಾಲಿನಂತೆಯೇ ಹಂಚಬೇಕೆಂದು ಕಾಯಿದೆಯ 10ನೇ ಕಲಂ ಹೇಳುತ್ತದೆ. 6ನೇ ಕಲಂ ಪ್ರಕಾರ ಈ ಶೇಕಡಾವಾರು ಶಾಶ್ವತ ಸ್ವರೂಪದ್ದು. ಎಲ್ಲ ಮಾಲೀಕರ ಒಪ್ಪಿಗೆಯಿಂದ ಡಿಕ್ಲರೇಷನ್ ತಿದ್ದುಪಡಿಯಾಗದ ಹೊರತು ಅದನ್ನು ಬದಲಿಸಲಾಗದು. ಕಾಯಿದೆಯ ಮೂಲ ಅಳತೆ ವಿಸ್ತೀರ್ಣವಲ್ಲ, ಇಡೀ ಆಸ್ತಿಯ ಮೌಲ್ಯಕ್ಕೆ ಹೋಲಿಸಿದಾಗ ಆ ಫ್ಲ್ಯಾಟ್‌ನ ಮೌಲ್ಯ. ಆದರೂ ಬಿಲ್ಡರ್‌ಗಳು ಡಿಕ್ಲರೇಷನ್ ಸಿದ್ಧಪಡಿಸುವಾಗ ಮೌಲ್ಯದ ಬದಲಿಗೆ ವಿಸ್ತೀರ್ಣದಿಂದಲೇ ಈ ಪಾಲನ್ನು ಲೆಕ್ಕ ಹಾಕಿರುವುದು ಸಾಮಾನ್ಯವಾಗಿರುವುದರಿಂದ, ಎರಡೂ ಒಂದೇ ಎಂಬ ಭಾವನೆ ಬೆಳೆದಿದೆ. ನಿಮ್ಮ ಡಿಕ್ಲರೇಷನ್‌ನ ಅನುಬಂಧವನ್ನು ತೆರೆದು ನೋಡದೆ ಹಾಗೆಂದು ನಂಬಬೇಡಿ.

ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾಗಿದ್ದರೆ, ಹಂಚಿಕೆಯ ಸೂತ್ರಕ್ಕಾಗಿ ಬೈಲಾ ಮತ್ತು ಸರ್ವಸದಸ್ಯರ ಸಭೆಯ ನಿರ್ಣಯಗಳನ್ನು ನೋಡಬೇಕಾಗುತ್ತದೆ. ಯಾವ ಸಂದರ್ಭದಲ್ಲೇ ಆಗಲಿ, ಮೊದಲು ಸೂತ್ರ ಬರೆದಿರುವ ದಾಖಲೆಯನ್ನು ಕೈಗೆ ತೆಗೆದುಕೊಂಡು ಆಮೇಲೆ ಲೆಕ್ಕಕ್ಕೆ ಇಳಿಯುವುದು ಒಳ್ಳೆಯದು. ಇಲ್ಲವಾದರೆ ಸಭೆಯಲ್ಲಿ ಚರ್ಚೆ «ದೊಡ್ಡ ಫ್ಲ್ಯಾಟಿನವರು ಹೆಚ್ಚು ಕೊಡಬೇಕೇ ಬೇಡವೇ» ಎಂಬ ಮುಗಿಯದ ವಾದಕ್ಕೆ ಹೊರಳುತ್ತದೆ.

ಯಾವ ವಿಸ್ತೀರ್ಣ: ಸೂಪರ್ ಬಿಲ್ಟ್-ಅಪ್ ಅಥವಾ ಕಾರ್ಪೆಟ್?

ಬೆಂಗಳೂರಿನಲ್ಲಿ ರೂಢಿಯಲ್ಲಿರುವುದು ಕ್ರಯಪತ್ರದಲ್ಲಿ ನಮೂದಾದ ಸೂಪರ್ ಬಿಲ್ಟ್-ಅಪ್ ವಿಸ್ತೀರ್ಣ. 2016ರ ರೇರಾ ಕಾಯಿದೆ ಬಂದ ನಂತರ ಕಾರ್ಪೆಟ್ ವಿಸ್ತೀರ್ಣಕ್ಕೆ ಸ್ಪಷ್ಟ ವ್ಯಾಖ್ಯಾನ ಸಿಕ್ಕಿತು: ಒಳಗಿನ ವಿಭಜಕ ಗೋಡೆಗಳು ಸೇರುತ್ತವೆ, ಹೊರಗೋಡೆ, ಸರ್ವೀಸ್ ಶಾಫ್ಟ್, ಸ್ವಂತ ಬಾಲ್ಕನಿ ಮತ್ತು ಸ್ವಂತ ತೆರೆದ ಟೆರೇಸ್ ಸೇರುವುದಿಲ್ಲ. ಹೀಗಾಗಿ ಹೊಸ ಕಟ್ಟಡಗಳ ಪತ್ರಗಳಲ್ಲಿ ಎರಡೂ ಅಂಕಿಗಳು ಕಾಣಸಿಗುತ್ತವೆ.

ಹಂಚಿಕೆಯ ದೃಷ್ಟಿಯಿಂದ ಮುಖ್ಯವಾದುದು ಅನುಪಾತವೇ ಹೊರತು ಅಂಕಿಯ ಗಾತ್ರವಲ್ಲ. ಎಲ್ಲ ಫ್ಲ್ಯಾಟ್‌ಗಳ ಕಾರ್ಪೆಟ್ ವಿಸ್ತೀರ್ಣವೂ ಸೂಪರ್ ಬಿಲ್ಟ್-ಅಪ್‌ನ ಶೇ. 70ರಷ್ಟೇ ಇದ್ದರೆ, ಯಾವುದನ್ನು ಬಳಸಿದರೂ ಯಾರ ಪಾಲೂ ಒಂದು ರೂಪಾಯಿಯಷ್ಟೂ ಬದಲಾಗದು. ವ್ಯತ್ಯಾಸ ಬರುವುದು ಅನುಪಾತ ಒಂದೇ ಇಲ್ಲದಿದ್ದಾಗ. ನಮ್ಮ ಉದಾಹರಣೆಯಲ್ಲಿ ಚಿಕ್ಕ ಎರಡು ಬಗೆಯ ಫ್ಲ್ಯಾಟ್‌ಗಳಲ್ಲಿ ಶೇ. 70, ಮೇಲಂತಸ್ತಿನ ನಾಲ್ಕರಲ್ಲಿ ಶೇ. 75 ಕಾರ್ಪೆಟ್ ಇದೆ ಎಂದುಕೊಳ್ಳಿ. ಆಗ ಒಟ್ಟು ಕಾರ್ಪೆಟ್ 45,780 ಚದರ ಅಡಿ. ಹಂಚಬೇಕಾದ ಮೊತ್ತ 32,40,000 ರೂಪಾಯಿ ಆಗಿದ್ದರೆ, ಮೇಲಂತಸ್ತಿನ ಫ್ಲ್ಯಾಟ್‌ನ ವಾರ್ಷಿಕ ಪಾಲು ಸೂಪರ್ ಬಿಲ್ಟ್-ಅಪ್ ಆಧಾರದಲ್ಲಿ 1,05,000 ರೂಪಾಯಿ, ಕಾರ್ಪೆಟ್ ಆಧಾರದಲ್ಲಿ ಸುಮಾರು 1,11,468 ರೂಪಾಯಿ ಆಗುತ್ತದೆ. ಎರಡರಲ್ಲಿ ದಾಖಲೆ ಯಾವುದನ್ನು ಹೇಳುತ್ತದೋ ಅದನ್ನೇ ಆರಿಸಬೇಕು ಮತ್ತು 48 ಫ್ಲ್ಯಾಟ್‌ಗಳಿಗೂ ಅದೇ ಅಳತೆ ಅನ್ವಯಿಸಬೇಕು.

ಪಟ್ಟಿ ನೋಡುವಾಗ ಅಳತೆಗಳು ಬೆರೆತಿರುವ ಜಾಗಗಳನ್ನು ಹುಡುಕಿ. ಕೆಲವು ಕ್ರಯಪತ್ರಗಳಲ್ಲಿ ಕಾರ್ ಪಾರ್ಕಿಂಗ್ ಜಾಗವನ್ನೂ ಸೂಪರ್ ಬಿಲ್ಟ್-ಅಪ್‌ಗೆ ಸೇರಿಸಿರುತ್ತಾರೆ, ಕೆಲವದರಲ್ಲಿ ಸೇರಿಸಿರುವುದಿಲ್ಲ. ಪೆಂಟ್‌ಹೌಸ್‌ನ ಖಾಸಗಿ ಟೆರೇಸನ್ನು ಒಂದು ಕಡೆ ಅರ್ಧದಷ್ಟು ಲೆಕ್ಕ ಹಿಡಿದು ಇನ್ನೊಂದು ಕಡೆ ಪೂರ್ತಿ ಬಿಟ್ಟಿರುವುದೂ ಉಂಟು. ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಜಮೀನು ಮಾಲೀಕರ ಪಾಲಿಗೆ ಹೋದ ಫ್ಲ್ಯಾಟ್‌ಗಳಿಗೆ ಕ್ರಯಪತ್ರವೇ ಇಲ್ಲದಿರಬಹುದು. ಅವುಗಳ ವಿಸ್ತೀರ್ಣವನ್ನು ಹಂಚಿಕೆ ಒಪ್ಪಂದದಿಂದ ತೆಗೆದುಕೊಳ್ಳಬೇಕು.

ವರ್ಷದ ಒಟ್ಟು ಖರ್ಚನ್ನೇ ವಿಸ್ತೀರ್ಣದಿಂದ ಭಾಗಿಸಿದರೆ ಸಾಲದೇ?

ಸಾಲದು, ಏಕೆಂದರೆ ಆದಾಯ-ವೆಚ್ಚ ಪಟ್ಟಿಯ ಕೊನೆಯ ಮೊತ್ತ ಹಂಚಬೇಕಾದ ಮೊತ್ತವಲ್ಲ. ನಮ್ಮ ಸಮುಚ್ಚಯದ ವರ್ಷದ ಖರ್ಚು ಹೀಗಿದೆ: ಸೆಕ್ಯುರಿಟಿ 9,60,000, ಹೌಸ್‌ಕೀಪಿಂಗ್ 5,40,000, ಸಾಮಾನ್ಯ ವಿದ್ಯುತ್ 6,30,000, ಲಿಫ್ಟ್ ಎಎಂಸಿ 1,68,000, ಜನರೇಟರ್ ಮತ್ತು ಡೀಸೆಲ್ 1,32,000, ಎಸ್‌ಟಿಪಿ 3,00,000, ಜಲಮಂಡಳಿ ಹಾಗೂ ಟ್ಯಾಂಕರ್ ನೀರು 4,20,000, ದುರಸ್ತಿ 3,10,000, ಮ್ಯಾನೇಜರ್ ಸಂಬಳ, ಆಡಿಟ್, ಕಚೇರಿ 2,40,000. ಒಟ್ಟು 37,00,000 ರೂಪಾಯಿ.

ಈ ಸಮುಚ್ಚಯದಲ್ಲಿ ಪ್ರತಿ ಮನೆಗೂ ನೀರಿನ ಮೀಟರ್ ಇದ್ದು, ನೀರಿನ 4,20,000 ರೂಪಾಯಿಯನ್ನು ಬಳಕೆಯ ಪ್ರಕಾರ ಬೇರೆಯಾಗಿ ವಸೂಲು ಮಾಡಲಾಗಿದೆ. ಅದನ್ನು ಕಳೆದರೆ 32,80,000. ಪಾರ್ಟಿ ಹಾಲ್ ಬಾಡಿಗೆ ಮತ್ತು ಮನೆ ಬದಲಾಯಿಸುವವರಿಂದ ಪಡೆದ ಶುಲ್ಕ ಸೇರಿ 40,000 ಬಂದಿದೆ. ಇದು ಸಾಮಾನ್ಯ ಪ್ರದೇಶದಿಂದ ಬಂದ ಆದಾಯವಾದ್ದರಿಂದ ಅದನ್ನೂ ಕಳೆಯಬೇಕು. ಉಳಿಯುವುದು 32,40,000. ಅದನ್ನು 64,800ರಿಂದ ಭಾಗಿಸಿದರೆ ಚದರ ಅಡಿಗೆ ವರ್ಷಕ್ಕೆ ಸರಿಯಾಗಿ 50 ರೂಪಾಯಿ. ಹಾಗಾಗಿ 1,080 ಚದರ ಅಡಿಯ ಮನೆಗೆ 54,000, 1,450ರ ಮನೆಗೆ 72,500, 2,100ರ ಮನೆಗೆ 1,05,000 ರೂಪಾಯಿ.

ಮೀಟರ್ ಪ್ರಕಾರ ವಸೂಲಾದ ನೀರಿನ ಹಣ ಆದಾಯದ ಕಡೆ «ಇತರೆ» ಎಂಬ ಸಾಲಿನಲ್ಲಿ ಕೂತು, ನೀರಿನ ಪೂರ್ತಿ ಖರ್ಚು ವಿಸ್ತೀರ್ಣದ ದರದಲ್ಲೂ ಸೇರಿಕೊಂಡಿರುವುದು ನಾನು ಕಂಡಂತೆ ಅಪರೂಪದ ತಪ್ಪೇನಲ್ಲ. ಫ್ಲ್ಯಾಟ್‌ಗಳ ಒಳಗಿನ ಪವರ್ ಬ್ಯಾಕಪ್‌ಗೆ ಪ್ರತ್ಯೇಕ ಮೀಟರ್ ಇರುವಲ್ಲಿ ಡೀಸೆಲ್ ವಿಷಯದಲ್ಲೂ ಇದೇ ಆಗುತ್ತದೆ. ಇದರಿಂದ ವರ್ಷಾಂತ್ಯಕ್ಕೆ ಉಳಿತಾಯ ಕಾಣುತ್ತದೆ, ಸಮಿತಿಗೆ ಮೆಚ್ಚುಗೆಯೂ ಸಿಗುತ್ತದೆ.

ಸಂಘ ಯಾವ ಒಟ್ಟು ವಿಸ್ತೀರ್ಣಕ್ಕೆ ಬಿಲ್ ಮಾಡಿದೆ ಎಂದು ಹೊರಗಿನಿಂದ ಕಂಡುಹಿಡಿಯುವುದು ಹೇಗೆ?

ಈ ಪುಟದಲ್ಲಿ ಒಂದೇ ಒಂದು ಪರೀಕ್ಷೆಗೆ ಸಮಯವಿದ್ದರೆ ಇದನ್ನು ಮಾಡಿ. ಲೆಕ್ಕಪತ್ರದಲ್ಲಿ «ಮೇಂಟೆನೆನ್ಸ್ ಆದಾಯ» ಎಂಬ ಸಾಲು ಇರುತ್ತದೆ, ತಿಂಗಳ ದರ ನಿಮ್ಮ ಬಿಲ್‌ನಲ್ಲಿರುತ್ತದೆ. ಆದಾಯವನ್ನು ವರ್ಷದ ದರದಿಂದ ಭಾಗಿಸಿದರೆ ಬಿಲ್ ಆಗಿರುವ ಒಟ್ಟು ವಿಸ್ತೀರ್ಣ ಹೊರಬರುತ್ತದೆ.

ನಮ್ಮ ಸಮುಚ್ಚಯದಲ್ಲಿ ಚದರ ಅಡಿಗೆ ತಿಂಗಳಿಗೆ 4.40 ರೂಪಾಯಿ ವಸೂಲು ಮಾಡಲಾಗಿದೆ, ಅಂದರೆ ವರ್ಷಕ್ಕೆ 52.80. ಲೆಕ್ಕಪತ್ರದಲ್ಲಿ ಮೇಂಟೆನೆನ್ಸ್ ಆದಾಯ 32,68,320 ರೂಪಾಯಿ ಎಂದಿದೆ. ಭಾಗಿಸಿದರೆ 61,900 ಚದರ ಅಡಿ. ಆದರೆ ಎಲ್ಲ 48 ಫ್ಲ್ಯಾಟ್‌ಗಳ ಮೊತ್ತ 64,800. ಕಾಣೆಯಾಗಿರುವುದು 2,900 ಚದರ ಅಡಿ, ಅದು ಸರಿಯಾಗಿ 1,450ರ ಎರಡು ಪಟ್ಟು. ವಿಚಾರಿಸಿದಾಗ ತಿಳಿಯುವುದೇನೆಂದರೆ, ಬಿಲ್ಡರ್ ಇನ್ನೂ ಮಾರಾಟ ಮಾಡದ, 1,450 ಚದರ ಅಡಿಯ ಎರಡು ಫ್ಲ್ಯಾಟ್‌ಗಳಿಗೆ ಬಿಲ್ಲೇ ಹೋಗಿಲ್ಲ.

ಖರ್ಚು ಕಳೆದು ಸಂಘದ ಬಳಿ ಉಳಿದಿರುವುದು ಕೇವಲ 28,320 ರೂಪಾಯಿ. ಆದ್ದರಿಂದ ಖಜಾಂಚಿಯವರು «ಬಂದದ್ದಕ್ಕೂ ಹೋದದ್ದಕ್ಕೂ ಹೆಚ್ಚುಕಡಿಮೆ ಸರಿಹೋಗಿದೆ, ದರ ಸರಿಯಾಗಿಯೇ ಇದೆ» ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲರು. ಅದೇ ದರದಲ್ಲಿ 64,800 ಚದರ ಅಡಿಗೂ ಬಿಲ್ ಮಾಡಿದ್ದರೆ 34,21,440 ರೂಪಾಯಿ ಬಂದು, 1,81,440 ಉಳಿಯುತ್ತಿತ್ತು. ಛೇದ ತಪ್ಪಾಗಿದ್ದರೂ ದರವನ್ನು ಆ ತಪ್ಪು ಛೇದಕ್ಕೇ ಹೊಂದಿಸಿರುವುದರಿಂದ, ಆದಾಯವನ್ನೂ ಖರ್ಚನ್ನೂ ಹೋಲಿಸಿದಷ್ಟರಿಂದ ಈ ದೋಷ ಎಂದೂ ಕಾಣದು.

ಇದರ ಭಾರ ಯಾರ ಮೇಲೆ ಬಿದ್ದಿದೆ ಎಂಬುದನ್ನೂ ಲೆಕ್ಕ ಹಾಕಬಹುದು. ಬಿಟ್ಟುಹೋದ ಎರಡು ಫ್ಲ್ಯಾಟ್‌ಗಳ ನ್ಯಾಯವಾದ ಪಾಲು ತಲಾ 72,500ರಂತೆ 1,45,000 ರೂಪಾಯಿ. ಅದನ್ನು ಉಳಿದ 46 ಮನೆಗಳು ಹೊತ್ತಿವೆ: 1,080ರ ಮನೆ ಸುಮಾರು 2,530, 1,450ರ ಮನೆ ಸುಮಾರು 3,397, 2,100ರ ಮನೆ ಸುಮಾರು 4,919 ರೂಪಾಯಿ. ಮಾರಾಟವಾಗುವವರೆಗೆ ಆ ಫ್ಲ್ಯಾಟ್‌ಗಳ ಮಾಲೀಕ ಬಿಲ್ಡರೇ ಆಗಿರುವುದರಿಂದ ಪಾಲು ಕೊಡಬೇಕಾದವರೂ ಅವರೇ. ಮನೆ ಖಾಲಿ ಇದೆ, ಲಿಫ್ಟ್ ಬಳಸುವುದಿಲ್ಲ ಎಂಬುದು ಕಾರಣವಾಗದು; ಸಾಮಾನ್ಯ ಸೌಲಭ್ಯ ಬಳಸುವುದನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಯಾವ ಮಾಲೀಕರೂ ಪಾಲಿನಿಂದ ತಪ್ಪಿಸಿಕೊಳ್ಳಲಾರರು ಎಂದು 1972ರ ಕಾಯಿದೆ ಹೇಳುತ್ತದೆ. ನೆಲಮಹಡಿಯ ನಿವಾಸಿಗಳು ಲಿಫ್ಟ್ ಖರ್ಚಿನ ಬಗ್ಗೆ ಎತ್ತುವ ಆಕ್ಷೇಪಣೆಗೂ ಇದೇ ಉತ್ತರ.

ನಾನು ಭಾಗಿಸಿದಾಗ ಅರ್ಥವಿಲ್ಲದ ಸಂಖ್ಯೆ ಬರುತ್ತಿದೆ. ಸಂಘದ್ದೇ ತಪ್ಪು ಎನ್ನಬಹುದೇ?

ಅವಸರ ಬೇಡ. ಮೊದಲು ಲೆಕ್ಕಪತ್ರ ಯಾವ ಪದ್ಧತಿಯಲ್ಲಿದೆ ಎಂದು ನೋಡಿ. ಬಿಲ್ ಮಾಡಿದ ಮೊತ್ತವನ್ನೇ ಆದಾಯವೆಂದು ಬರೆದಿದ್ದರೆ ಮೇಲಿನ ಪರೀಕ್ಷೆ ನೇರವಾಗಿ ಕೆಲಸ ಮಾಡುತ್ತದೆ. ಹಣ ಕೈಗೆ ಬಂದಾಗ ಮಾತ್ರ ಆದಾಯವೆಂದು ಬರೆಯುವ ಸಂಘಗಳಲ್ಲಿ, ವರ್ಷಾಂತ್ಯದ ಬಾಕಿಯನ್ನು ಕೂಡಿಸಿ, ವರ್ಷಾರಂಭದ ಬಾಕಿಯನ್ನು ಕಳೆದು, ಮುಂಗಡವಾಗಿ ಬಂದ ಹಣವನ್ನೂ ಸರಿಹೊಂದಿಸಿದ ಮೇಲಷ್ಟೇ ಭಾಗಿಸಬೇಕು. ಆ ಬಾಕಿಗಳು ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣದಿದ್ದರೆ ಬಾಕಿದಾರರ ಪಟ್ಟಿಯನ್ನು ಕೇಳಬೇಕಾಗುತ್ತದೆ.

ವರ್ಷದ ನಡುವೆ ದರ ಬದಲಾಗಿದ್ದರೆ ತಿಂಗಳ ದರಗಳನ್ನು ಕೂಡಿಸಿ ವರ್ಷದ ದರ ಪಡೆಯಿರಿ: ಏಪ್ರಿಲ್‌ನಿಂದ ಮೂರು ತಿಂಗಳು 4.00, ಉಳಿದ ಒಂಬತ್ತು ತಿಂಗಳು 4.40 ಆಗಿದ್ದರೆ 51.60. ತಡ ಪಾವತಿಯ ಬಡ್ಡಿ ಮತ್ತು ಜಿಎಸ್‌ಟಿ ಆದಾಯದ ಸಾಲಿನಲ್ಲಿ ಬೆರೆತಿದ್ದರೆ ಅವನ್ನು ಕಳೆಯಿರಿ. ಇಷ್ಟಾದ ಮೇಲೂ ಉಳಿಯುವ ವ್ಯತ್ಯಾಸವು ಯಾವುದಾದರೂ ಫ್ಲ್ಯಾಟ್‌ನ ವಿಸ್ತೀರ್ಣಕ್ಕೆ ಸಮವಾಗಿದ್ದರೆ ಅಥವಾ ಅದರ ಎರಡು, ಮೂರು ಪಟ್ಟು ಆಗಿದ್ದರೆ ಒಂದು ಫ್ಲ್ಯಾಟ್ ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ ಎಂದು ಊಹಿಸಬಹುದು. 20-30 ಚದರ ಅಡಿಯಷ್ಟು ಸಣ್ಣದಾಗಿದ್ದರೆ ಪಟ್ಟಿಯಲ್ಲಿ ಯಾರದೋ ಅಂಕಿ ತಪ್ಪಾಗಿ ನಮೂದಾಗಿರುವ ಸಾಧ್ಯತೆ ಹೆಚ್ಚು.

ಪೂರ್ತಿ ಪಟ್ಟಿಯನ್ನು ನಾನೇ ಮರುಲೆಕ್ಕ ಹಾಕಬಹುದೇ?

ಖಂಡಿತ. ಫ್ಲ್ಯಾಟ್‌ವಾರು ವಿಸ್ತೀರ್ಣದ ಪಟ್ಟಿ ಸಿಕ್ಕರೆ ಅರ್ಧ ಗಂಟೆಯ ಕೆಲಸ. ಸ್ಪ್ರೆಡ್‌ಶೀಟ್‌ನ ಸಿ ಕಾಲಂನಲ್ಲಿ 2ನೇ ಸಾಲಿನಿಂದ ಆರಂಭಿಸಿ 48 ವಿಸ್ತೀರ್ಣಗಳನ್ನೂ, ಎಫ್ ಕಾಲಂನ ಮೊದಲ ಕೋಶದಲ್ಲಿ ಹಂಚಬೇಕಾದ ಮೊತ್ತವನ್ನೂ ಇಟ್ಟು, ಪ್ರತಿ ಸಾಲಿಗೂ ಹೀಗೆ ಬರೆಯಿರಿ:

```
=ROUND($F$1*C2/SUM($C$2:$C$49),2)
```

ಇಲ್ಲಿ ಶೇಕಡಾವನ್ನು ನಡುವೆ ಬೇರೆಯಾಗಿ ತೆಗೆದು ಎರಡು ದಶಮಾಂಶಕ್ಕೆ ದುಂಡಾಗಿಸಿಲ್ಲ ಎಂಬುದನ್ನು ಗಮನಿಸಿ. ಹಲವು ಸಂಘಗಳ ಪಟ್ಟಿಗಳಲ್ಲಿ ಹಾಗೆ ಮಾಡಿರುತ್ತಾರೆ. ನಮ್ಮ ಮೂರು ಬಗೆಯ ಫ್ಲ್ಯಾಟ್‌ಗಳ ಪಾಲು ದುಂಡಾಗಿಸಿದಾಗ ಶೇ. 1.67, 2.24 ಮತ್ತು 3.24, ಎಲ್ಲ 48 ಮನೆಗಳಿಗೆ ಕೂಡಿಸಿದರೆ 100ರ ಬದಲು 100.12 ಬರುತ್ತದೆ, ಅಂದರೆ 3,888 ರೂಪಾಯಿ ಹೆಚ್ಚು ವಸೂಲು. ಮೊತ್ತ ಚಿಕ್ಕದೇ, ಜಗಳವಾಡುವಂಥದ್ದಲ್ಲ. ಆದರೆ ಡಿಕ್ಲರೇಷನ್‌ನಲ್ಲೇ ಶೇಕಡಾಗಳು ನೂರಕ್ಕೆ ಕೂಡದಿದ್ದರೆ ಅದು ಪ್ರತಿ ವರ್ಷವೂ ಮರುಕಳಿಸುತ್ತದೆ.

ಪಟ್ಟಿಯ ವಿಸ್ತೀರ್ಣಗಳನ್ನು ಕ್ರಯಪತ್ರಗಳೊಂದಿಗೆ ತಾಳೆ ನೋಡುವಾಗ ಎಲ್ಲರ ಪತ್ರವೂ ಬೇಕಾಗುವುದಿಲ್ಲ. ಒಂದೇ ನಕ್ಷೆಯ ಮನೆಗಳು ಮಹಡಿಯಿಂದ ಮಹಡಿಗೆ ಒಂದೇ ಅಳತೆಯಲ್ಲಿರುತ್ತವೆ. ಆ ಲಂಬ ಸಾಲಿನಲ್ಲಿ ಒಂದು ಮಾತ್ರ ಬೇರೆ ಅಂಕಿ ತೋರಿಸಿದರೆ ಅದರ ಪತ್ರವನ್ನು ಕೇಳಿ. ಎರಡು ಫ್ಲ್ಯಾಟ್‌ಗಳನ್ನು ಒಂದಾಗಿಸಿಕೊಂಡ ಕುಟುಂಬವಿದ್ದರೆ ಎರಡರ ವಿಸ್ತೀರ್ಣವೂ ಉಳಿದಿದೆಯೇ ಎಂದು ನೋಡುವುದನ್ನು ಮರೆಯಬೇಡಿ.

ಸೆಕ್ಯುರಿಟಿಯಂತಹ ಖರ್ಚನ್ನು ಎಲ್ಲ ಮನೆಗೂ ಸಮನಾಗಿ ಹಂಚಿದ್ದಾರೆ. ಇದು ಸರಿಯೇ?

ಕಾವಲುಗಾರ ದೊಡ್ಡ ಮನೆಗೆ ಹೆಚ್ಚು ಕಾವಲು ಕಾಯುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ, ಮತ್ತು ಕೆಲವು ಕಡೆ ಭಾಗಶಃ ಸಮಾನ, ಭಾಗಶಃ ವಿಸ್ತೀರ್ಣ ಎಂಬ ಮಿಶ್ರ ಸೂತ್ರ ಬಳಕೆಯಲ್ಲಿದೆ. ಆದರೆ 1972ರ ಕಾಯಿದೆಗೆ ಒಳಪಟ್ಟ ಅಪಾರ್ಟ್‌ಮೆಂಟ್‌ನಲ್ಲಿ 10ನೇ ಕಲಂ ಸಾಮಾನ್ಯ ಖರ್ಚುಗಳ ನಡುವೆ ಇಂಥ ಭೇದ ಮಾಡುವುದಿಲ್ಲ. ಆದ್ದರಿಂದ ಸಭೆಯ ಬಹುಮತದ ನಿರ್ಣಯವೊಂದೇ ಸಾಕು ಎನ್ನುವುದು ನನ್ನ ದೃಷ್ಟಿಯಲ್ಲಿ ದುರ್ಬಲವಾದ ನಿಲುವು. ಮಿಶ್ರ ಸೂತ್ರ ಇರುವಲ್ಲಿ ಲೆಕ್ಕ ಪರಿಶೀಲನೆಯೂ ಎರಡು ಭಾಗವಾಗುತ್ತದೆ: ಸಮಾನವಾಗಿ ಹಂಚಿದ ಸಾಲುಗಳು ವಿಸ್ತೀರ್ಣದ ದರದಲ್ಲಿ ಮತ್ತೆ ಸೇರಿಲ್ಲ ಎಂಬುದನ್ನು ಒಂದೊಂದಾಗಿ ನೋಡಬೇಕು.

ಕಾರ್ಪಸ್ ನಿಧಿ, ಅದರ ಬಡ್ಡಿ ಮತ್ತು ಸವಕಳಿ ಈ ಹಂಚಿಕೆಯಲ್ಲಿ ಸೇರಬೇಕೇ?

ಕಾರ್ಪಸ್‌ನಿಂದ ಹೊಸ ಪಂಪ್ ಖರೀದಿಸಿದ್ದಾರೆ ಎಂದುಕೊಳ್ಳಿ. ಆ ಹಣವನ್ನು ಮಾಲೀಕರು ಈಗಾಗಲೇ ಕೊಟ್ಟಾಗಿದೆ. ಅದೇ ಪಂಪಿನ ಸವಕಳಿಯನ್ನು ಪ್ರತಿ ವರ್ಷ ಖರ್ಚಿಗೆ ಹಾಕಿ ಮೇಂಟೆನೆನ್ಸ್ ದರದಲ್ಲಿ ಹಂಚಿದರೆ, ಅದೇ ಪಂಪಿಗೆ ಎರಡನೇ ಸಲ ಹಣ ಕೊಟ್ಟಂತಾಗುತ್ತದೆ. ಸವಕಳಿಯನ್ನು ಲೆಕ್ಕಪತ್ರದಲ್ಲಿ ತೋರಿಸುವುದು ತಪ್ಪಲ್ಲ. ಹಂಚಬೇಕಾದ ಮೊತ್ತ ತೆಗೆಯುವಾಗ ಅದನ್ನು ಹೊರಗಿಡಬೇಕು, ಅಥವಾ ಅಷ್ಟೇ ಮೊತ್ತವನ್ನು ನಿಧಿಯಿಂದ ವರ್ಗಾಯಿಸಿ ಸರಿದೂಗಿಸಬೇಕು.

ಠೇವಣಿಯ ಬಡ್ಡಿ ಕಾರ್ಪಸ್‌ಗೆ ಸೇರಬೇಕೇ, ಚಾಲ್ತಿ ಖರ್ಚಿಗೆ ಬಳಸಬಹುದೇ ಎಂಬುದನ್ನು ಬೈಲಾ ಅಥವಾ ನಿರ್ಣಯ ಹೇಳಬೇಕು. ಆ ಬಡ್ಡಿಯ ಮೇಲೆ ಆದಾಯ ತೆರಿಗೆ ಬೀಳುತ್ತದೆ. ಸದಸ್ಯರು ತಮಗಾಗಿಯೇ ಕೂಡಿಸಿದ ಹಣ ಆದಾಯವಲ್ಲ ಎಂಬ ಪರಸ್ಪರತೆಯ ತತ್ವದ ವಿನಾಯಿತಿ, ಕ್ಲಬ್‌ನ ಸದಸ್ಯರೇ ಆಗಿದ್ದ ಬ್ಯಾಂಕ್‌ಗಳಲ್ಲಿಟ್ಟ ಠೇವಣಿಯ ಬಡ್ಡಿಗೂ ಸಿಗದೆಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ನೀಡಿದೆ. ಬಡ್ಡಿ ಕಾರ್ಪಸ್‌ಗೆ ಹೋಗಿ ತೆರಿಗೆ ಮಾತ್ರ ಸಾಮಾನ್ಯ ಖರ್ಚಿನಲ್ಲಿ ಉಳಿದಿದ್ದರೆ ಪ್ರಶ್ನಿಸಿ.

ಜಿಎಸ್‌ಟಿಯನ್ನೂ ವಿಸ್ತೀರ್ಣದ ಪ್ರಕಾರ ಹಂಚಬಹುದೇ?

ಹಂಚಬಾರದು. ಸದಸ್ಯರೊಬ್ಬರ ಮಾಸಿಕ ಕೊಡುಗೆ 7,500 ರೂಪಾಯಿ ದಾಟಿದಾಗ, ಮತ್ತು ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದಾಗ, ಆ ಸದಸ್ಯರ ಬಿಲ್‌ಗೆ ಮಾತ್ರ ಶೇ. 18 ತೆರಿಗೆ ಅನ್ವಯಿಸುತ್ತದೆ. ನಮ್ಮಲ್ಲಿ 1,450ರ ಮನೆಯ ಬಿಲ್ ತಿಂಗಳಿಗೆ 6,380 ರೂಪಾಯಿ, 2,100ರ ಮನೆಯದು 9,240. ಹಾಗಾಗಿ ನಾಲ್ಕೇ ಮನೆಗಳಿಗೆ ತೆರಿಗೆ. ಅದನ್ನು ಖರ್ಚಿನ ಸಾಲಾಗಿ ತೋರಿಸಿ 48 ಮನೆಗಳಿಗೂ ಹಂಚಿದ್ದರೆ ಚಿಕ್ಕ ಮನೆಗಳು ತಮಗೆ ಅನ್ವಯಿಸದ ತೆರಿಗೆ ಕಟ್ಟಿದಂತೆ. ತೆರಿಗೆ ಪೂರ್ತಿ 9,240ರ ಮೇಲೋ, ಮಿತಿ ಮೀರಿದ 1,740ರ ಮೇಲೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ: 2019ರ ಜುಲೈ ಸುತ್ತೋಲೆ ಪೂರ್ತಿಯ ಮೇಲೆ ಎಂದಿತು, ಮದ್ರಾಸ್ ಹೈಕೋರ್ಟ್ 2021ರಲ್ಲಿ ಮೀರಿದ ಭಾಗಕ್ಕೆ ಮಾತ್ರ ಎಂದಿತು. ತಿಂಗಳಿಗೆ 1,663.20 ಮತ್ತು 313.20 ರೂಪಾಯಿಗಳ ನಡುವಿನ ಅಂತರ ಇದಾದ್ದರಿಂದ, ಸಂಘ ಯಾವ ನಿಲುವು ತೆಗೆದುಕೊಂಡಿದೆ ಎಂದು ಆ ನಾಲ್ಕು ಮನೆಯವರು ಕೇಳಿ ತಿಳಿಯಬೇಕು.

ಆಡಿಟ್ ಆಗಿರುವ ಲೆಕ್ಕಪತ್ರದಲ್ಲಿ ಇಂಥ ತಪ್ಪು ಉಳಿಯಲು ಹೇಗೆ ಸಾಧ್ಯ?

ಲೆಕ್ಕ ಪರಿಶೋಧಕರು ವೋಚರ್, ಬ್ಯಾಂಕ್ ಪಾಸ್‌ಬುಕ್, ಒಪ್ಪಂದಗಳನ್ನು ನೋಡಿ, ಬರೆದಿರುವ ಆದಾಯ-ವೆಚ್ಚ ನಿಜವೇ ಎಂದು ಹೇಳುತ್ತಾರೆ. ವಿಸ್ತೀರ್ಣದ ಪಟ್ಟಿ ಬಿಲ್ಲಿಂಗ್ ಆ್ಯಪ್‌ನಲ್ಲಿ ಕೂತಿರುತ್ತದೆ. ಅದನ್ನು ಕಟ್ಟಡ ಹಸ್ತಾಂತರವಾದ ಕಾಲದಲ್ಲಿ ಯಾರೋ ನಮೂದಿಸಿರುತ್ತಾರೆ, ಆಮೇಲೆ ಯಾರೂ ಮುಟ್ಟಿರುವುದಿಲ್ಲ. ಬಿಲ್ಲೇ ಆಗದ ಫ್ಲ್ಯಾಟ್‌ಗೆ ವೋಚರೂ ಇಲ್ಲ, ಬಾಕಿಯೂ ಇಲ್ಲ. ಹಾಗಾಗಿ ಆಡಿಟರ್ ಕಣ್ಣಿಗೆ ಬೀಳುವಂಥದ್ದು ಏನೂ ಉಳಿದಿರುವುದಿಲ್ಲ.

ಸಮಿತಿಯನ್ನು ಏನೆಂದು ಕೇಳಬೇಕು? ತಪ್ಪು ಖಚಿತವಾದರೆ ಸರಿಪಡಿಸುವುದು ಹೇಗೆ?

ಕಾರ್ಯದರ್ಶಿಯವರಿಗೆ ಲಿಖಿತವಾಗಿ, ಸಾಧ್ಯವಾದರೆ ವಾರ್ಷಿಕ ಸಭೆಗೆ ಎರಡು-ಮೂರು ವಾರ ಮೊದಲೇ, ಮೂರು ವಿಷಯ ಕೇಳಿ: ಬಿಲ್ಲಿಂಗ್‌ಗೆ ಬಳಸಿದ ಫ್ಲ್ಯಾಟ್‌ವಾರು ವಿಸ್ತೀರ್ಣದ ಪಟ್ಟಿ, ದರ ನಿಗದಿಪಡಿಸಿದ ಸಭೆಯ ನಡಾವಳಿ, ಮತ್ತು ವರ್ಷಾಂತ್ಯದ ಫ್ಲ್ಯಾಟ್‌ವಾರು ಬಾಕಿ. ನೆರೆಹೊರೆಯವರ ಬಾಕಿ ತೋರಿಸಲು ಹಿಂಜರಿದರೆ ಹೆಸರಿಲ್ಲದೆ ಫ್ಲ್ಯಾಟ್ ಸಂಖ್ಯೆ ಮಾತ್ರ ಸಾಕು ಎನ್ನಿ. ಪತ್ರದಲ್ಲಿ ಆರೋಪ ಬೇಡ. «ಆದಾಯವನ್ನು ದರದಿಂದ ಭಾಗಿಸಿದರೆ 61,900 ಬರುತ್ತದೆ, ಪಟ್ಟಿಯ ಮೊತ್ತ 64,800 ಇದೆ, ಅಂತರವನ್ನು ದಯವಿಟ್ಟು ವಿವರಿಸಿ» ಎಂಬ ಒಂದು ವಾಕ್ಯಕ್ಕೆ ಉತ್ತರಿಸದೆ ಜಾರಿಕೊಳ್ಳುವುದು ಕಷ್ಟ.

ಸರಿಪಡಿಸುವಾಗ ಮುಗಿದ ವರ್ಷದ ಬಿಲ್‌ಗಳನ್ನೆಲ್ಲ ಹಿಂತೆಗೆದುಕೊಳ್ಳುವ ಅಗತ್ಯವಿಲ್ಲ. ಬಿಟ್ಟುಹೋದ ಎರಡು ಫ್ಲ್ಯಾಟ್‌ಗಳಿಗೆ ಜಾರಿಯಲ್ಲಿದ್ದ ದರದಲ್ಲೇ 1,53,120 ರೂಪಾಯಿಯ ಬಿಲ್ ಹೊರಡಿಸಬೇಕು. ಅದು ಸೇರಿದಾಗ ವರ್ಷದ ಉಳಿತಾಯ 1,81,440 ಆಗುತ್ತದೆ, ಅಂದರೆ ಚದರ ಅಡಿಗೆ 2.80 ರೂಪಾಯಿ. ಅದನ್ನು ಎಲ್ಲ 48 ಫ್ಲ್ಯಾಟ್‌ಗಳ ಮುಂದಿನ ಬಿಲ್‌ನಲ್ಲಿ ವಿಸ್ತೀರ್ಣದ ಪ್ರಕಾರವೇ ಜಮೆ ಮಾಡಿದರೆ 1,450ರ ಮನೆಗೆ 4,060 ರೂಪಾಯಿ ಹಿಂದಿರುಗಿ, ಅದರ ನಿವ್ವಳ ಪಾಲು ಮೇಲೆ ಲೆಕ್ಕ ಹಾಕಿದ 72,500ಕ್ಕೇ ಬಂದು ನಿಲ್ಲುತ್ತದೆ. ಬಿಲ್ಡರ್ ಹಣ ಕಟ್ಟುವ ಮೊದಲೇ ಜಮೆ ಮಾಡಿದರೆ ಸಂಘದ ಖಾತೆಯಲ್ಲಿ ನಗದು ಕೊರತೆ ಬೀಳುವುದರಿಂದ, ವಸೂಲಾದ ನಂತರವೇ ಜಮೆ ಎಂದು ನಿರ್ಣಯದಲ್ಲಿ ಬರೆಸಿಕೊಳ್ಳುವುದು ಕ್ಷೇಮ.